ದೇವರಕಾಡಿನ ಸಮತೋಲನವೂ ನಮ್ಮನೆ ಸಂಪೂ

ಚಂದಾಪುರದ ಅಕ್ಕನ ಮನೆಗೆ ಹೋಗಿದ್ದಾಗ, ಎಂಎಸ್ಸಿ ಓದುತ್ತಿರೋ ಅವಳ ಮಗಳು ತನ್ನ ಟರ್ಮ್ ಪ್ರಬಂಧವನ್ನು ಕೈಗಿಟ್ಟಳು. ವಿಷಯ ಕೊಡಗಿನ ದೇವರಕಾಡು. ಕೊನೆಯ ಸಾಲು ಹೀಗಿತ್ತು: ‘ಇಲ್ಲಿ ಇನ್ನೂ 50 ಜಾತಿಯ ಮರಗಳಿರುವುದರಿಂದ ಕಾಡು ಸಮತೋಲನದಲ್ಲಿದೆ.’

"ಸರಿ ಇದೆಯಾ ಮಾಮ?" ಅಂದಳು.

ನಾನು ಓದಿದ್ದು ಎಂಜಿನಿಯರಿಂಗ್. ಆದರೂ ಇಲ್ಲಿನ ತಪ್ಪು ಕಂಡಿತು. ಸಂಪಿನಲ್ಲಿ ಅರ್ಧ ನೀರಿದೆ ಅಂತ ಒಮ್ಮೆ ಇಣುಕಿ ನೋಡಿದರೆ, ಅದು ಏರ್ತಿದೆಯೋ ಇಳೀತಿದೆಯೋ ಹೇಳೋಕಾಗಲ್ಲ. ಒಳಗೆ ಬರುವ ನೀರು, ಹೊರಗೆ ಹೋಗುವ ನೀರು ಎರಡನ್ನೂ ಅಳೀಬೇಕು.

ರಾಬರ್ಟ್ ಮ್ಯಾಕಾರ್ಥರ್ ಮತ್ತು ಇ.ಒ. ವಿಲ್ಸನ್ 1967ರ ತಮ್ಮ ಪುಸ್ತಕದಲ್ಲಿ ದ್ವೀಪಗಳ ಬಗ್ಗೆ ಹೇಳಿದ್ದೂ ಇದನ್ನೇ. ದ್ವೀಪ ದೂರವಿದ್ದಷ್ಟೂ ಹೊಸ ಜೀವಜಾತಿಗಳು ಬರೋದು ಕಡಿಮೆ. ಚಿಕ್ಕದಾದಷ್ಟೂ ಇದ್ದವು ಅಳಿಯೋದು ಹೆಚ್ಚು. ಎರಡೂ ಸಮವಾದಾಗ ಜಾತಿಗಳ ಸಂಖ್ಯೆ ನಿಲ್ಲುತ್ತದೆ, ಆದರೆ ಪಟ್ಟಿಯಲ್ಲಿನ ಹೆಸರುಗಳು ಬದಲಾಗುತ್ತಲೇ ಇರುತ್ತವೆ.

ಒಂದು ಕಾಲ್ಪನಿಕ ಲೆಕ್ಕ ಹಾಕಿದೆವು. ಸುತ್ತಲಿನ ಸೀಮೆಯಲ್ಲಿ ಒಟ್ಟು 100 ಜಾತಿ. ಕಾಡಿನಲ್ಲಿ ಇಲ್ಲದವುಗಳಲ್ಲಿ ಶೇ. 10ರಷ್ಟು ಪ್ರತಿ ದಶಕ ಒಳಬರುತ್ತವೆ, ಇರುವವುಗಳಲ್ಲಿ ಶೇ. 10ರಷ್ಟು ಅಳಿಯುತ್ತವೆ. 50 ಜಾತಿಯಿದ್ದಾಗ ಐದು ಬಂದು ಐದು ಹೋಗುತ್ತವೆ. ಅದು ಸಮತೋಲನ. ಈಗ ಬರುವ ದರ ಶೇ. 5ಕ್ಕೆ ಇಳಿಯಿತು ಅಂದುಕೊಳ್ಳಿ. ಹೊಸ ಸಮತೋಲನ 33. ಆದರೆ ಮೊದಲ ದಶಕದ ಕೊನೆಗೆ ಎಣಿಸಿದರೆ ಇನ್ನೂ 47ರ ಆಸುಪಾಸು ಸಿಗುತ್ತದೆ. ಎಲ್ಲ ಚೆನ್ನಾಗಿದೆ ಅನಿಸುತ್ತದೆ. ಮುಂದೆ ಅಳಿಯಬೇಕಾದ ಆ ಬಾಕಿಗೆ ‘ಅಳಿವಿನ ಸಾಲ’ ಅಂತಾರೆ.

ಕೊಡಗಿನಲ್ಲಿ 1,200ಕ್ಕೂ ಹೆಚ್ಚು ದೇವರಕಾಡುಗಳಿವೆ, ಹೆಚ್ಚಿನವು ಕೆಲವೇ ಎಕರೆ. ಆದರೆ ಅವುಗಳ ಸುತ್ತ ಇರೋದು ಸಮುದ್ರವಲ್ಲ, ನೆರಳಿನ ಕಾಫಿ ತೋಟ. ಅಲ್ಲಿನ ಕಾಡುಮರಗಳ ಮೇಲೆ ಕೂರುವ ಮಂಗಟ್ಟೆಯಂಥ ಹಕ್ಕಿಗಳು ಹಣ್ಣು ತಿಂದು ಬೀಜವನ್ನು ಒಂದು ಕಾಡಿನಿಂದ ಇನ್ನೊಂದಕ್ಕೆ ಒಯ್ಯುತ್ತವೆ. ಆ ಮರಗಳನ್ನು ಕಡಿದು ಸಿಲ್ವರ್ ಓಕ್ ನೆಟ್ಟರೆ ದೇವರಕಾಡಿನ ಒಂದು ಎಲೆಯನ್ನೂ ಮುಟ್ಟಿರೋದಿಲ್ಲ, ಆದರೂ ಬರುವ ದರ ಕುಸಿಯುತ್ತದೆ. ಮೂಲ ಸಿದ್ಧಾಂತ ಸುತ್ತಲಿನದ್ದನ್ನೆಲ್ಲ ಬರೀ ನೀರು ಅಂತ ಎಣಿಸುವುದರಿಂದ, ಈ ವ್ಯತ್ಯಾಸ ಅದರ ಲೆಕ್ಕಕ್ಕೆ ಸಿಗುವುದಿಲ್ಲ.

ಮರದ ಆಯಸ್ಸು ದೊಡ್ಡದು. ಅದರ ಸಂತಾನ ನಿಂತು ಎಷ್ಟೋ ವರ್ಷಗಳಾದರೂ ಮುದಿಮರ ಎಣಿಕೆಯಲ್ಲಿ ‘ಒಂದು ಜಾತಿ’ಯಾಗಿ ಉಳಿದಿರುತ್ತದೆ. ಹಾಗಾಗಿ ತಲೆಯೆತ್ತಿ ಎಣಿಸಿದರೆ ಸಾಲದು, ಬಗ್ಗಿ ನೋಡಬೇಕು. ದೊಡ್ಡ ಮರವಿದ್ದೂ ಅದೇ ಜಾತಿಯ ಸಸಿಗಳು, ಎಳೆಮರಗಳು ಕಾಡಿನಲ್ಲೆಲ್ಲೂ ಇಲ್ಲದಿದ್ದರೆ, ಆ ಜಾತಿ ಸಾಲದ ಪಟ್ಟಿಯಲ್ಲಿದೆ ಅನ್ನುವ ಅನುಮಾನಕ್ಕೆ ಕಾರಣವಿದೆ. ಕೆಲವು ವರ್ಷ ಬಿಟ್ಟು ಮತ್ತೆ ಎಣಿಸಿದಾಗಲೂ ಅವು ಕಾಣದಿದ್ದರೆ ಅನುಮಾನ ಇನ್ನಷ್ಟು ಗಟ್ಟಿಯಾಗುತ್ತದೆ.

ಅವಳು ಕೊನೆಯ ಸಾಲನ್ನು ಹೊಡೆದುಹಾಕಿ ಬರೆದಳು: ‘50 ಎಂಬುದು ಇಂದಿನ ಸಂಖ್ಯೆ. ಸಮತೋಲನ ಹೌದೋ ಅಲ್ಲವೋ ಎಂದು ಒಂದೇ ಎಣಿಕೆಯಿಂದ ಹೇಳಲಾಗದು.’