ಮುಸ್ಸಂಜೆ ಹೊಡೆದ ಔಷಧಿಗೆ ಬೆಳಗ್ಗೆಯೂ ಕಳೆ ಯಾಕೆ ಹಸಿರು?

ಉಳ್ಳಾರ್ತಿ ಕಾವಲಿನ ಅಂಚಿಗೆ ಹೊಲವಿರುವ ಮನೆಯ ಹುಡುಗನೊಬ್ಬ ಪ್ರಥಮ ಪಿಯುಸಿ ತರಗತಿಯಲ್ಲಿ ಎದ್ದು ನಿಂತು ಕೇಳಿದ್ದ: "ಸರ್, ಬದುವಿನ ಕಳೆಗೆ ಪ್ಯಾರಾಕ್ವಾಟ್ ಹೊಡೀತೀವಲ್ಲ, ಬಿಸಿಲು ಜೋರಾಗಿದ್ರೆ ಅವತ್ತೇ ಸಾಯಂಕಾಲಕ್ಕೆ ಸುಟ್ಟಂಗಾಗುತ್ತೆ. ಮುಸ್ಸಂಜೆ ಹೊಡೆದ್ರೆ ಬೆಳಗ್ಗೆ ನೋಡಿದ್ರೂ ಹಸಿರಾಗೇ ಇರುತ್ತೆ. ಯಾಕೆ ಸರ್?"

ಅವತ್ತು ನಾನು ಪಾಠ ಮಾಡುತ್ತಿದ್ದದ್ದು ದ್ಯುತಿ ಕ್ರಿಯೆಯನ್ನೇ. ಬೋರ್ಡಿನ ಮೇಲೆ ಝಡ್ ಆಕಾರದ ಚಿತ್ರ ಅರ್ಧ ಬರೆದಾಗಿತ್ತು. ಅವನ ಪ್ರಶ್ನೆಗೆ ಉತ್ತರ ಅದೇ ಚಿತ್ರದ ಕೊನೆಯಲ್ಲಿತ್ತು. ಅಂದಿನಿಂದ ಪರೀಕ್ಷೆಯ ಮುಂಚಿನ ಪುನರಾವರ್ತನೆಯನ್ನು ನಾನು ಈ ಕಳೆಯ ಕಡೆಗೇ ಸಾಗುವಂತೆ ನಡೆಸುತ್ತೇನೆ.

ಪ್ರಶ್ನೆ: ದ್ಯುತಿ ಕ್ರಿಯೆ ನಡೆಯುವುದೆಲ್ಲಿ? ಕೊನೆಗೆ ಸಿಗುವುದೇನು?

ಕ್ಲೋರೋಪ್ಲಾಸ್ಟಿನೊಳಗಿನ ಥೈಲಕಾಯ್ಡ್ ಪೊರೆಯಲ್ಲಿ. ಸಿಗುವುದು ಮೂರು: ಎಟಿಪಿ, ಎನ್‌ಎಡಿಪಿಎಚ್ ಮತ್ತು ಆಮ್ಲಜನಕ. ಸಕ್ಕರೆ ಇಲ್ಲಿ ತಯಾರಾಗುವುದಿಲ್ಲ. ಥೈಲಕಾಯ್ಡ್ ಅನ್ನು ಚಪ್ಪಟೆ ಚೀಲ ಅಂದುಕೊಳ್ಳಿ. ಚೀಲದ ಒಳಗಿನ ಜಾಗ ಲ್ಯೂಮೆನ್, ಹೊರಗಿನದು ಸ್ಟ್ರೋಮಾ. ಒಳಗೆ ಯಾವುದು, ಹೊರಗೆ ಯಾವುದು ಎಂಬುದನ್ನು ಇಲ್ಲಿಯೇ ಗಟ್ಟಿ ಮಾಡಿಕೊಳ್ಳಿ. ಇದು ತಿರುಗುಮುರುಗಾದರೆ ಎಟಿಪಿಯ ಉತ್ತರವೆಲ್ಲ ತಲೆಕೆಳಗಾಗುತ್ತದೆ. ಉತ್ತರಪತ್ರಿಕೆಗಳಲ್ಲಿ ನಾನು ಅತಿ ಹೆಚ್ಚು ಕಂಡ ತಪ್ಪು ಇದೇ.

ಪ್ರಶ್ನೆ: ಎಲೆಕ್ಟ್ರಾನ್ ಹಿಡಿಯುವ ದಾರಿ ಯಾವುದು?

ಮೊದಲು ಪಿಎಸ್-2. ಅದರ ಕೇಂದ್ರದಲ್ಲಿರುವ ಪಿ680 ಪತ್ರಹರಿತ್ತಿಗೆ ಬೆಳಕು ತಾಗಿದಾಗ ಒಂದು ಎಲೆಕ್ಟ್ರಾನ್ ಹಾರಿಹೋಗುತ್ತದೆ. ತೆರವಾದ ಜಾಗ ತುಂಬಲು ಎಲೆಕ್ಟ್ರಾನ್ ಬರುವುದು ನೀರಿನಿಂದ:

2H₂O → 4H⁺ + 4e⁻ + O₂

ಹಾರಿದ ಎಲೆಕ್ಟ್ರಾನನ್ನು ಪ್ಲಾಸ್ಟೋಕ್ವಿನೋನ್ ಎತ್ತಿಕೊಂಡು ಸೈಟೋಕ್ರೋಮ್ ಬಿ6ಎಫ್ ಸಂಕೀರ್ಣಕ್ಕೆ ತಲುಪಿಸುತ್ತದೆ. ಅಲ್ಲಿಂದ ತಾಮ್ರವಿರುವ ಪ್ಲಾಸ್ಟೋಸಯನಿನ್ ಎಂಬ ಪ್ರೋಟೀನು ಅದನ್ನು ಪಿಎಸ್-1ಕ್ಕೆ ಒಯ್ಯುತ್ತದೆ. ಅಲ್ಲಿ ಪಿ700 ಮತ್ತೊಮ್ಮೆ ಬೆಳಕು ಹೀರಿ ಎಲೆಕ್ಟ್ರಾನನ್ನು ಇನ್ನೊಂದು ಸಲ ಮೇಲಕ್ಕೆತ್ತುತ್ತದೆ. ಫೆರೆಡಾಕ್ಸಿನ್ ಅದನ್ನು ಹಿಡಿದು ಕೊನೆಗೆ NADP⁺ಗೆ ಕೊಡುತ್ತದೆ. ಎರಡು ಎಲೆಕ್ಟ್ರಾನ್ ಸೇರಿದರೆ ಒಂದು ಎನ್‌ಎಡಿಪಿಎಚ್.

ಮೊದಲು ಕೆಲಸ ಮಾಡುವುದಕ್ಕೆ 2 ಅಂತ ಯಾಕೆ ಹೆಸರು ಎಂದು ಪ್ರತಿ ವರ್ಷ ಯಾರಾದರೂ ಕೇಳುತ್ತಾರೆ. ಆ ಅಂಕೆಗಳು ಪತ್ತೆಯಾದ ಕ್ರಮದವು, ಕೆಲಸದ ಕ್ರಮದವಲ್ಲ. ಅಷ್ಟು ಸಾಕು, ಅದಕ್ಕೆ ಅಂಕವಿಲ್ಲ.

ಪ್ರಶ್ನೆ: ಎಲೆಕ್ಟ್ರಾನ್ ಹೋಗುವ ದಾರಿಯಲ್ಲಿ ಎಟಿಪಿ ಎಲ್ಲಿ ತಯಾರಾಗುತ್ತದೆ?

ಎಲ್ಲೂ ಇಲ್ಲ. ಇದು ಬೀಳಿಸುವ ಪ್ರಶ್ನೆ. ಎಲೆಕ್ಟ್ರಾನು ನೇರವಾಗಿ ಎಟಿಪಿ ಮಾಡುವುದಿಲ್ಲ. ಅದು ಸಾಗುವಾಗ ಇನ್ನೊಂದು ಕೆಲಸ ನಡೆಯುತ್ತದೆ: ಪ್ರೋಟಾನುಗಳು, ಅಂದರೆ H⁺, ಚೀಲದ ಒಳಗೆ ಶೇಖರವಾಗುತ್ತವೆ.

ಹೇಗೆ? ನೀರು ಒಡೆಯುವುದು ಪೊರೆಯ ಒಳಬದಿಯಲ್ಲಿ, ಹಾಗಾಗಿ ಅಲ್ಲಿ ಹುಟ್ಟಿದ H⁺ ಲ್ಯೂಮೆನ್‌ನಲ್ಲೇ ಉಳಿಯುತ್ತದೆ. ಪ್ಲಾಸ್ಟೋಕ್ವಿನೋನ್ ಎಲೆಕ್ಟ್ರಾನಿನ ಜೊತೆಗೆ ಸ್ಟ್ರೋಮಾದಿಂದ H⁺ ಅನ್ನೂ ಎತ್ತಿಕೊಳ್ಳುತ್ತದೆ, ಎಲೆಕ್ಟ್ರಾನನ್ನು ಬಿ6ಎಫ್‌ಗೆ ಒಪ್ಪಿಸುವಾಗ H⁺ ಅನ್ನು ಒಳಗೆ ಸುರಿಯುತ್ತದೆ. ಆ ಕಡೆ ಎನ್‌ಎಡಿಪಿಎಚ್ ತಯಾರಾಗುವಾಗ ಸ್ಟ್ರೋಮಾದ H⁺ ಖರ್ಚಾಗುತ್ತದೆ. ಒಳಗೆ ತುಂಬುತ್ತದೆ, ಹೊರಗೆ ಬರಿದಾಗುತ್ತದೆ. ಬೆಳಕಿನಲ್ಲಿ ಸ್ಟ್ರೋಮಾದ ಪಿಎಚ್ ಸುಮಾರು 8 ಇದ್ದರೆ ಲ್ಯೂಮೆನ್‌ನದು 6ರ ಆಸುಪಾಸಿಗೆ ಇಳಿದಿರುತ್ತದೆ. ಪಿಎಚ್ ಅಳತೆಯಲ್ಲಿ ಎರಡು ಅಂಕದ ವ್ಯತ್ಯಾಸ ಎಂದರೆ ಒಳಗೆ ನೂರು ಪಟ್ಟು ಹೆಚ್ಚು ಪ್ರೋಟಾನು.

ನಮ್ಮ ಜಿಲ್ಲೆಯ ಮಕ್ಕಳಿಗೆ ವಾಣಿವಿಲಾಸ ಸಾಗರ ಗೊತ್ತು. ಅಣೆಕಟ್ಟಿನ ಹಿಂದೆ ನಿಂತ ನೀರು ಕಾಲುವೆಗೆ ಇಳಿಯುವುದು ತೂಬಿನ ಮೂಲಕ. ಥೈಲಕಾಯ್ಡ್ ಪೊರೆಯೇ ಇಲ್ಲಿ ಕಟ್ಟೆ. H⁺ ಅದನ್ನು ಸುಮ್ಮನೆ ತೂರಿ ಹೊರಬರಲಾರದು. ಇರುವ ತೂಬು ಒಂದೇ, ಎಟಿಪಿ ಸಿಂಥೇಸ್. ಅದರ CF₀ ಭಾಗ ಪೊರೆಯಲ್ಲಿ ಹುದುಗಿದೆ, CF₁ ಭಾಗ ಸ್ಟ್ರೋಮಾದ ಕಡೆಗೆ ಚಾಚಿದೆ. ಪ್ರೋಟಾನು CF₀ ಮೂಲಕ ಹೊರಬರುವಾಗ ಅದರ ಉಂಗುರ ನಿಜವಾಗಿಯೂ ತಿರುಗುತ್ತದೆ. ಆ ತಿರುಗಾಟದಿಂದ CF₁ನ ಆಕಾರ ಬದಲಾಗಿ ಎಡಿಪಿಗೆ ಫಾಸ್ಫೇಟ್ ಸೇರುತ್ತದೆ. ಎಟಿಪಿ ಬಿಡುಗಡೆಯಾಗುವುದು ಸ್ಟ್ರೋಮಾದಲ್ಲಿ. ಅದು ಬೇಕಿರುವ ಕ್ಯಾಲ್ವಿನ್ ಚಕ್ರವೂ ಅಲ್ಲಿಯೇ ಇದೆ.

ಪ್ರಶ್ನೆ: ಎಟಿಪಿಗೆ ಬೇಕಾದ್ದು ಬೆಳಕಲ್ಲ, ಪ್ರೋಟಾನಿನ ಇಳಿಜಾರು ಎನ್ನಲು ಪುರಾವೆ?

ಪೀಟರ್ ಮಿಚೆಲ್ ಈ ಮಾತನ್ನು 1961ರಲ್ಲಿ ಹೇಳಿದಾಗ ಒಪ್ಪಿದವರು ಕಡಿಮೆ. 1966ರಲ್ಲಿ ಆಂಡ್ರೆ ಜಾಗೆಂಡಾರ್ಫ್ ಮತ್ತು ಅರ್ನೆಸ್ಟ್ ಉರಿಬೆ ಮಾಡಿದ ಪ್ರಯೋಗ ಚಂದ. ಥೈಲಕಾಯ್ಡ್‌ಗಳನ್ನು ಕತ್ತಲಲ್ಲಿ ಪಿಎಚ್ 4ರ ಆಮ್ಲ ದ್ರಾವಣದಲ್ಲಿ ನೆನೆಹಾಕಿದರು. ಚೀಲದ ಒಳಗೂ ಪಿಎಚ್ 4 ಆಯಿತು. ಆಮೇಲೆ ಹೊರಗಿನ ದ್ರಾವಣವನ್ನು ತಟ್ಟನೆ ಪಿಎಚ್ 8ಕ್ಕೆ ಏರಿಸಿ ಎಡಿಪಿ ಮತ್ತು ಫಾಸ್ಫೇಟ್ ಕೊಟ್ಟರು. ಒಂದು ಕಿರಣವೂ ಬೀಳದೆ ಎಟಿಪಿ ತಯಾರಾಯಿತು. ಮಿಚೆಲ್‌ಗೆ 1978ರಲ್ಲಿ ನೊಬೆಲ್ ಬಂತು.

ಇದರ ಇನ್ನೊಂದು ಮುಖವನ್ನೂ ಕೇಳಬಹುದು: ಪೊರೆಯಲ್ಲಿ ತೂತು ಬಿದ್ದರೆ? ಬೆಳಕಿದೆ, ಎಲೆಕ್ಟ್ರಾನು ಓಡುತ್ತಿದೆ, ಆಮ್ಲಜನಕ ಬರುತ್ತಿದೆ, ಎಟಿಪಿ ಮಾತ್ರ ಇಲ್ಲ. ಪ್ರೋಟಾನು ತೂಬು ಬಿಟ್ಟು ತೂತಿನಿಂದ ಸೋರಿಹೋಗುತ್ತದೆ. ಎಲೆಕ್ಟ್ರಾನಿನ ದಾರಿ, ಪ್ರೋಟಾನಿನ ದಾರಿ ಎರಡನ್ನೂ ಬೇರೆ ಬೇರೆ ಬಣ್ಣದಲ್ಲಿ ಬರೆಯಿರಿ ಎಂದು ನಾನು ಹಠ ಹಿಡಿಯುವುದು ಇದಕ್ಕೇ.

ಪ್ರಶ್ನೆ: ಒಂದು ಆಮ್ಲಜನಕದ ಅಣು ಹೊರಬರುವಷ್ಟರಲ್ಲಿ ಎಷ್ಟು ಎಟಿಪಿ?

ಪಠ್ಯದಲ್ಲಿ ಇಷ್ಟು ಲೆಕ್ಕ ಕೇಳುವುದಿಲ್ಲ, ಆದರೂ ಒಮ್ಮೆ ಮಾಡಿ ನೋಡಿ. ಒಂದು O₂ಗೆ 4 ಎಲೆಕ್ಟ್ರಾನ್. ಪ್ರತಿಯೊಂದಕ್ಕೂ ಎರಡು ಕಡೆ ಬೆಳಕು ಬೇಕು, ಅಂದರೆ 8 ಫೋಟಾನ್. ನಾಲ್ಕು ಎಲೆಕ್ಟ್ರಾನಿನಿಂದ 2 ಎನ್‌ಎಡಿಪಿಎಚ್. ಪ್ರೋಟಾನು: ನೀರಿನಿಂದ 4, ಬಿ6ಎಫ್ ಬಳಿ 8, ಒಟ್ಟು 12. ಕ್ಲೋರೋಪ್ಲಾಸ್ಟಿನ ಸಿಂಥೇಸ್ ಉಂಗುರದಲ್ಲಿ 14 ತುಂಡುಗಳಿವೆ. ಹಾಗಾಗಿ 14 ಪ್ರೋಟಾನು ಇಳಿದರೆ ಒಂದು ಸುತ್ತು, ಒಂದು ಸುತ್ತಿಗೆ 3 ಎಟಿಪಿ. ಹನ್ನೆರಡಕ್ಕೆ ಎಷ್ಟು? 12ನ್ನು 3ರಿಂದ ಗುಣಿಸಿ 14ರಿಂದ ಭಾಗಿಸಿದರೆ ಸುಮಾರು 2.6.

ಒಂದು CO₂ ಅನ್ನು ಕ್ಯಾಲ್ವಿನ್ ಚಕ್ರಕ್ಕೆ ಸೇರಿಸಲು 2 ಎನ್‌ಎಡಿಪಿಎಚ್, 3 ಎಟಿಪಿ ಬೇಕು. ಎನ್‌ಎಡಿಪಿಎಚ್ ಸರಿಹೋಯಿತು, ಎಟಿಪಿ ಸ್ವಲ್ಪ ಕಡಿಮೆ ಬಿತ್ತು. ಈ ಕೊರತೆ ತುಂಬುವ ಒಂದು ದಾರಿ ಚಕ್ರೀಯ ದ್ಯುತಿ ಫಾಸ್ಫಾರಿಲೀಕರಣ. ಪಿಎಸ್-1ರಿಂದ ಹೊರಟ ಎಲೆಕ್ಟ್ರಾನು NADP⁺ ಕಡೆಗೆ ಹೋಗದೆ ಬಿ6ಎಫ್‌ಗೆ ಹಿಂತಿರುಗಿ ಮತ್ತೆ ಪಿಎಸ್-1ಕ್ಕೇ ಬರುತ್ತದೆ. ನೀರು ಒಡೆಯುವುದಿಲ್ಲ, ಆಮ್ಲಜನಕವಿಲ್ಲ, ಎನ್‌ಎಡಿಪಿಎಚ್ ಇಲ್ಲ, ಪ್ರೋಟಾನು ಮಾತ್ರ ಒಳಗೆ ತುಂಬುತ್ತದೆ. "ಚಕ್ರೀಯ ಯಾಕೆ ಬೇಕು?" ಎಂಬ ಪ್ರಶ್ನೆಗೆ ಈ ಲೆಕ್ಕ ಗೊತ್ತಿದ್ದವರು ಬಾಯಿಪಾಠವಿಲ್ಲದೆ ಬರೆಯುತ್ತಾರೆ.

ಕಾವಲಿನ ಗರಿಕೆ, ನಮ್ಮ ಹೊಲದ ಜೋಳ, ಮೆಕ್ಕೆಜೋಳ ಇವೆಲ್ಲ ಸಿ4 ಸಸ್ಯಗಳು. ಒಂದು CO₂ಗೆ ಇವುಗಳಿಗೆ 5 ಎಟಿಪಿ ಬೇಕು. ಜೋಳದ ಎಲೆಯಲ್ಲಿ ನಾಳವನ್ನು ಸುತ್ತುವರಿದ ಕೋಶಗಳ ಕ್ಲೋರೋಪ್ಲಾಸ್ಟ್‌ಗಳಲ್ಲಿ ಪಿಎಸ್-2 ಬಹಳ ಕಡಿಮೆ, ಅಲ್ಲಿ ಹೆಚ್ಚಾಗಿ ನಡೆಯುವುದು ಚಕ್ರೀಯವೇ.

ಪ್ರಶ್ನೆ: ಈಗ ಕಳೆಗೆ ಬರೋಣ. ಅಟ್ರಜಿನ್ ಮತ್ತು ಪ್ಯಾರಾಕ್ವಾಟ್ ಈ ದಾರಿಯನ್ನು ಎಲ್ಲೆಲ್ಲಿ ಕೆಡಿಸುತ್ತವೆ?

ಮೆಕ್ಕೆಜೋಳಕ್ಕೆ ಹೊಡೆಯುವ ಅಟ್ರಜಿನ್ ಪಿಎಸ್-2ರಲ್ಲಿ ಪ್ಲಾಸ್ಟೋಕ್ವಿನೋನ್ ಕೂರಬೇಕಾದ ಜಾಗದಲ್ಲಿ ತಾನೇ ಕೂರುತ್ತದೆ. ಎಲೆಕ್ಟ್ರಾನು ಮುಂದೆ ಹೋಗಲು ದಾರಿಯಿಲ್ಲ. ನೀರು ಒಡೆಯುವುದೂ ನಿಲ್ಲುತ್ತದೆ, ಎನ್‌ಎಡಿಪಿಎಚ್ ಕೂಡ ಇಲ್ಲ. ಕಳೆ ಹಸಿವಿನಿಂದ ಸಾಯುತ್ತದೆ ಎಂದು ಬರೆಯಬೇಡಿ. ಹೀರಿದ ಬೆಳಕಿಗೆ ಹೋಗಲು ಜಾಗವಿಲ್ಲದೆ ಪತ್ರಹರಿತ್ತು ಆ ಶಕ್ತಿಯನ್ನು ಪಕ್ಕದ ಆಮ್ಲಜನಕಕ್ಕೆ ದಾಟಿಸುತ್ತದೆ. ಹಾಗೆ ಕೆರಳಿದ ಆಮ್ಲಜನಕ ಪೊರೆಯನ್ನು ಸುಡುತ್ತದೆ. ಮೆಕ್ಕೆಜೋಳ ಬದುಕುವುದು ಅದರಲ್ಲಿರುವ ಕಿಣ್ವವೊಂದು ಅಟ್ರಜಿನ್‌ಗೆ ಗ್ಲುಟಾಥಯೋನ್ ಕಟ್ಟಿ ನಿಷ್ಕ್ರಿಯ ಮಾಡುವುದರಿಂದ.

ಪ್ಯಾರಾಕ್ವಾಟ್ ಕೆಲಸ ಮಾಡುವುದು ದಾರಿಯ ಇನ್ನೊಂದು ತುದಿಯಲ್ಲಿ. ಪಿಎಸ್-1ರಿಂದ ಹೊರಟ ಎಲೆಕ್ಟ್ರಾನನ್ನು ಫೆರೆಡಾಕ್ಸಿನ್‌ಗೆ ಸೇರುವ ಮೊದಲೇ ಕಸಿದು ಆಮ್ಲಜನಕಕ್ಕೆ ಕೊಡುತ್ತದೆ. ಅದರಿಂದ ಸೂಪರ್‌ಆಕ್ಸೈಡ್ ಹುಟ್ಟುತ್ತದೆ. ಪ್ಯಾರಾಕ್ವಾಟ್ ಖರ್ಚಾಗದೆ ಮತ್ತೆ ಮುಂದಿನ ಎಲೆಕ್ಟ್ರಾನಿಗೆ ಕೈಚಾಚುತ್ತದೆ. ಇಲ್ಲಿ ಎಲೆಕ್ಟ್ರಾನಿನ ಓಟ ನಿಲ್ಲುವುದಿಲ್ಲ ಎಂಬುದೇ ಅಪಾಯ. ಆರಂಭದಲ್ಲಿ ನೀರು ಒಡೆಯುತ್ತಲೇ ಇರುತ್ತದೆ, ಪ್ರೋಟಾನೂ ತುಂಬುತ್ತದೆ, ಎನ್‌ಎಡಿಪಿಎಚ್ ಮಾತ್ರ ಇಲ್ಲ. ಬಿಸಿಲು ಜೋರಾದಷ್ಟೂ ಎಲೆಕ್ಟ್ರಾನು ಹೆಚ್ಚು, ಸೂಪರ್‌ಆಕ್ಸೈಡ್ ಹೆಚ್ಚು. ಕೆಲವೇ ಗಂಟೆಗಳಲ್ಲಿ ಪೊರೆಗಳು ಒಡೆದು ಎಲೆ ನೀರು ಬಿಟ್ಟು ಬಾಡುತ್ತದೆ. ಮುಸ್ಸಂಜೆ ಹೊಡೆದರೆ ಕಸಿಯಲು ರಾತ್ರಿಯೆಲ್ಲ ಎಲೆಕ್ಟ್ರಾನೇ ಇಲ್ಲ. ಬೆಳಗ್ಗೆ ಸೂರ್ಯ ಮೇಲೆ ಬರುವವರೆಗೆ ಕಳೆ ಹಸಿರಾಗಿಯೇ ನಿಂತಿರುತ್ತದೆ.

ಹುಡುಗ ಕೇಳಿದ್ದಕ್ಕೆ ಉತ್ತರ ಇಷ್ಟೇ. ಅವನಿಗೆ ಇನ್ನೊಂದು ಮಾತನ್ನೂ ಹೇಳಿದೆ: ಪ್ಯಾರಾಕ್ವಾಟ್ ಮನುಷ್ಯನ ಶ್ವಾಸಕೋಶದಲ್ಲೂ ಇದೇ ಆಟ ಆಡುತ್ತದೆ, ಅದಕ್ಕೆ ಪ್ರತಿವಿಷವಿಲ್ಲ. ಅಳೆಯಲು ಕುಡಿಯುವ ನೀರಿನ ಬಾಟಲಿ ಬಳಸುವ ರೂಢಿ ಬಿಡಿ.

ಪ್ರಶ್ನೆ: ಔಷಧಿ ಹೊಡೆಯದ ಗಿಡಕ್ಕೂ ಹೆಚ್ಚು ಬೆಳಕು ತೊಂದರೆಯೇ?

ಹೌದು, ನೀರಿಲ್ಲದಾಗ. ಮಳೆ ಕೈಕೊಟ್ಟ ಆಗಸ್ಟಿನ ಮಧ್ಯಾಹ್ನ ಶೇಂಗಾ ಹೊಲಕ್ಕೆ ಹೋಗಿ. ಗಿಡ ಪತ್ರರಂಧ್ರ ಮುಚ್ಚಿಕೊಂಡಿರುತ್ತದೆ, CO₂ ಒಳಗೆ ಬರುವುದಿಲ್ಲ, ತಯಾರಾದ ಎಟಿಪಿ, ಎನ್‌ಎಡಿಪಿಎಚ್ ಖರ್ಚಾಗುವುದಿಲ್ಲ. ಎಡಿಪಿ ಸಿಗದೆ ತೂಬು ನಿಧಾನವಾಗುತ್ತದೆ, ಲ್ಯೂಮೆನ್ ಇನ್ನಷ್ಟು ಹುಳಿಯಾಗುತ್ತದೆ. ಆ ಹುಳಿಯೇ ಬಿ6ಎಫ್ ಬಳಿ ಎಲೆಕ್ಟ್ರಾನಿನ ಓಟಕ್ಕೆ ಲಗಾಮು ಹಾಕುತ್ತದೆ, ಪಿಎಸ್-2 ಹೀರಿದ ಬೆಳಕನ್ನು ಶಾಖವಾಗಿ ಬಿಡುವಂತೆ ಮಾಡುತ್ತದೆ. ಹೊರಗಿನಿಂದ ಇದ್ಯಾವುದೂ ಕಾಣುವುದಿಲ್ಲ. ಕಾಣುವುದು ಒಂದೇ: ಶೇಂಗಾದ ನಾಲ್ಕು ಕಿರು ಎಲೆಗಳು ಜೋಡಿಜೋಡಿಯಾಗಿ ಮಡಚಿ, ಅಂಗೈ ಸೇರಿಸಿದಂತೆ ಸೂರ್ಯನಿಗೆ ಅಂಚು ತಿರುಗಿಸಿ ನಿಂತಿರುತ್ತವೆ. ಬಿಸಿಲು ಇಳಿದ ಮೇಲೆ ಮತ್ತೆ ಬಿಚ್ಚಿಕೊಳ್ಳುತ್ತವೆ.