ಬೆಲ್ಜಿಯಂ ಆರು ವರ್ಷ ನಿಮಿಷ ಎಣಿಸಿತು

1950ರಲ್ಲಿ ಬೆಲ್ಜಿಯಂನಿಂದ ಹೊರದೇಶಗಳಿಗೆ ಹೋದ ಫೋನ್ ಕರೆಗಳು 44 ಲಕ್ಷ. ಅಲ್ಲಿಂದ ವರ್ಷ ವರ್ಷವೂ ಸ್ವಲ್ಪ ಸ್ವಲ್ಪವೇ ಏರುತ್ತಾ 1962ಕ್ಕೆ 1.61 ಕೋಟಿ, 1963ಕ್ಕೆ 2.12 ಕೋಟಿ ಆಯಿತು. ಮರುವರ್ಷದ ಅಂಕಿ ನೋಡಿದರೆ ಒಮ್ಮೆಲೇ 11.9 ಕೋಟಿ. 1969ರ ಹೊತ್ತಿಗೆ ಅದು 21.2 ಕೋಟಿ ಮುಟ್ಟಿತು. ಆಮೇಲೆ 1970ರಲ್ಲಿ 4.3 ಕೋಟಿಗೆ, 1971ರಲ್ಲಿ 2.4 ಕೋಟಿಗೆ ಕುಸಿಯಿತು.

ಆ ದೇಶದ ಜನ ಆರು ವರ್ಷ ಹುಚ್ಚು ಹಿಡಿದವರಂತೆ ಮಾತಾಡಿ ಸುಮ್ಮನಾದರು ಎಂದಲ್ಲ. 1964ರಿಂದ 1969ರವರೆಗೆ ದಾಖಲೆಯ ಪದ್ಧತಿ ಬದಲಾಗಿತ್ತು. ಕರೆಗಳ ಸಂಖ್ಯೆ ಬರೆಯುವ ಜಾಗದಲ್ಲಿ ಕರೆಗಳ ಒಟ್ಟು ನಿಮಿಷ ಬರೆಯುತ್ತಿದ್ದರು. ಬದಲಾವಣೆ ಸರಿಯಾಗಿ ಜನವರಿ ಒಂದಕ್ಕೇ ಆಗಲಿಲ್ಲವಾದ್ದರಿಂದ 1963 ಮತ್ತು 1970ರ ಅಂಕಿಗಳಿಗೂ ಸ್ವಲ್ಪ ಕಲಬೆರಕೆ ಸೇರಿಕೊಂಡಿತು. ಪೀಟರ್ ರೂಸೋ ಮತ್ತು ಆನಿಕ್ ಲೆರಾಯ್ ಎಂಬ ಸಂಖ್ಯಾಶಾಸ್ತ್ರಜ್ಞರು 1987ರ ತಮ್ಮ ಪುಸ್ತಕದಲ್ಲಿ ಈ 24 ಅಂಕಿಗಳನ್ನು ಉದಾಹರಣೆಯಾಗಿ ತೆಗೆದುಕೊಂಡರು. ಅಂದಿನಿಂದ ಇವು ಈ ಶಾಸ್ತ್ರದ ಪಾಠದ ಅಂಕಿಗಳಾಗಿಬಿಟ್ಟಿವೆ. ನನಗೆ ಇವು ಇಷ್ಟವಾಗಲು ಕಾರಣವಿದೆ. ತಪ್ಪು ಎಲ್ಲಿದೆ ಎಂದು ನಮಗೆ ಮೊದಲೇ ಗೊತ್ತು. ಹಾಗಾಗಿ ಯಾವ ಲೆಕ್ಕದ ವಿಧಾನ ಎಷ್ಟು ಮೋಸಹೋಗುತ್ತದೆ ಎಂದು ಕಣ್ಣಾರೆ ನೋಡಬಹುದು.

ಕೆಲಸ ಸರಳ. ಈ ಅಂಕಿಗಳ ನಡುವೆ ಒಂದು ನೇರ ಗೆರೆ ಎಳೆದು, ಕರೆಗಳು ವರ್ಷಕ್ಕೆ ಎಷ್ಟು ಹೆಚ್ಚುತ್ತಿದ್ದವು ಎಂದು ಹೇಳಬೇಕು. ಗೆರೆ ಎಲ್ಲ ಬಿಂದುಗಳ ಮೇಲೂ ಹಾಯಲಾರದು, ಪ್ರತಿ ಬಿಂದುವಿಗೂ ಗೆರೆಗೂ ಒಂದಿಷ್ಟು ಅಂತರ ಉಳಿಯುತ್ತದೆ. ಆ ಅಂತರಗಳನ್ನು ಹೇಗೆ ಕೂಡಿಸಿ ಒಂದೇ ಅಂಕಿ ಮಾಡುತ್ತೇವೆ ಎಂಬುದರ ಮೇಲೆ ‘ಒಳ್ಳೆಯ ಗೆರೆ’ ಯಾವುದೆಂಬುದು ನಿಂತಿದೆ. ಅಂತರಗಳನ್ನು ವರ್ಗ ಮಾಡಿ ಸರಾಸರಿ ತೆಗೆದರೆ ಅದು ಮೀನ್ ಸ್ಕ್ವೇರ್ಡ್ ಎರರ್. ಹೆಚ್ಚು ಕಡಿಮೆ ಎಂಬ ಚಿಹ್ನೆ ಬಿಟ್ಟು ಅಂತರವನ್ನಷ್ಟೇ ಸರಾಸರಿ ಮಾಡಿದರೆ ಮೀನ್ ಆಬ್ಸಲ್ಯೂಟ್ ಎರರ್. ಇಂದು ಮನೆ ಬೆಲೆಯನ್ನೋ ನಾಳೆಯ ವಿದ್ಯುತ್ ಬೇಡಿಕೆಯನ್ನೋ ಅಂದಾಜಿಸುವ ಮಷೀನ್ ಲರ್ನಿಂಗ್ ಪ್ರೋಗ್ರಾಂಗಳೂ ಒಳಗೆ ಇಂಥದ್ದೇ ಒಂದು ಮೊತ್ತವನ್ನು ಕಡಿಮೆ ಮಾಡುತ್ತಾ ಕಲಿಯುತ್ತವೆ.

ಗೆರೆಗೆ ಹೋಗುವ ಮುಂಚೆ ಐದೇ ಅಂಕಿ ತೆಗೆದುಕೊಳ್ಳೋಣ. 1960ರಿಂದ 1964ರವರೆಗೆ ಕೋಟಿಗಳಲ್ಲಿ: 1.35, 1.49, 1.61, 2.12, 11.90. ಈ ಐದನ್ನೂ ಒಂದೇ ಅಂಕಿಯಿಂದ ಪ್ರತಿನಿಧಿಸಬೇಕು. 1.61 ಎಂದು ಆರಿಸಿದೆವು ಎನ್ನಿ. ಕೊನೆಯ ವರ್ಷದ ಅಂತರ 10.29, ಅದರ ವರ್ಗ ಸುಮಾರು 105.9. ಉಳಿದ ನಾಲ್ಕರ ವರ್ಗಗಳನ್ನೆಲ್ಲ ಕೂಡಿಸಿದರೂ 0.34 ಅಷ್ಟೇ. ಅಂದರೆ ವರ್ಗದ ಲೆಕ್ಕದಲ್ಲಿ ನಾಲ್ಕು ಸರಿಯಾದ ವರ್ಷಗಳ ಮಾತಿಗೆ ಬೆಲೆಯೇ ಇಲ್ಲ. ಒಟ್ಟು 106.2 ಅನ್ನು ಇಳಿಸಬೇಕಾದರೆ ನಮ್ಮ ಅಂಕಿ ಆ ಒಂದು ಬಿಂದುವಿನ ಕಡೆ ಸರಿಯಲೇಬೇಕು. 3.69ಕ್ಕೆ ಬಂದಾಗ ಒಟ್ಟು 84.5ಕ್ಕೆ ಇಳಿಯುತ್ತದೆ, ಅದಕ್ಕಿಂತ ಕೆಳಗೆ ಹೋಗುವುದಿಲ್ಲ. ಈ 3.69 ಬೇರೇನೂ ಅಲ್ಲ, ನಾವು ಶಾಲೆಯಲ್ಲಿ ಕಲಿತ ಸರಾಸರಿ. ಆದರೆ ಕರೆಗಳ ಲೆಕ್ಕ ಇಟ್ಟ ಯಾವ ವರ್ಷವೂ 3.69ರ ಹತ್ತಿರ ಇಲ್ಲ.

ವರ್ಗ ಮಾಡದೆ ಅಂತರವನ್ನಷ್ಟೇ ಕೂಡಿಸಿದರೆ ಕಥೆ ಬೇರೆ. 1.61ರಲ್ಲಿ ಒಟ್ಟು 11.18, 3.69ರಲ್ಲಿ 16.4. ಈ ಲೆಕ್ಕ 1.61ರಲ್ಲೇ ನಿಲ್ಲುತ್ತದೆ. ಅದು ಮಧ್ಯಾಂಕ, ಅಂದರೆ ಏರಿಕೆ ಕ್ರಮದಲ್ಲಿಟ್ಟಾಗ ನಟ್ಟನಡುವೆ ಬರುವ ಅಂಕಿ. 11.90 ಇದ್ದ ಜಾಗದಲ್ಲಿ 1190 ಇದ್ದರೂ ಅದು ಅಲ್ಲಾಡುವುದಿಲ್ಲ.

ಇದನ್ನು ಹಗ್ಗಜಗ್ಗಾಟವೆಂದು ಭಾವಿಸಿಕೊಂಡರೆ ಎಲ್ಲ ಸುಲಭವಾಗುತ್ತದೆ. ಪ್ರತಿ ಬಿಂದುವೂ ಉತ್ತರವನ್ನು ತನ್ನ ಕಡೆ ಎಳೆಯುತ್ತದೆ. ವರ್ಗದ ಲೆಕ್ಕದಲ್ಲಿ ದೂರ ಇದ್ದಷ್ಟೂ ಎಳೆತ ಜೋರು. ನಿರಪೇಕ್ಷ ಅಂತರದ ಲೆಕ್ಕದಲ್ಲಿ ಹತ್ತಿರದವನಿಗೂ ದೂರದವನಿಗೂ ಒಂದೇ ಬಲ, ಯಾವ ಕಡೆ ಎಷ್ಟು ಜನ ಎಂಬುದಷ್ಟೇ ಮುಖ್ಯ.

ಹಾಗಾದರೆ ಯಾವಾಗಲೂ ಎರಡನೆಯದನ್ನೇ ಹಿಡಿಯಬಾರದೇಕೆ? ಅದಕ್ಕೂ ಬೆಲೆ ತೆರಬೇಕು. ಅಂಕಿಗಳಲ್ಲಿ ಎಡವಟ್ಟು ಏನೂ ಇಲ್ಲದೆ, ಸಾಮಾನ್ಯವಾದ ಗಂಟೆಯಾಕಾರದ ಏರುಪೇರು ಮಾತ್ರ ಇದ್ದರೆ, 100 ಅಳತೆಗಳ ಮಧ್ಯಾಂಕ ಕೊಡುವ ನಿಖರತೆಯನ್ನು ಸರಾಸರಿ ಸುಮಾರು 64 ಅಳತೆಗಳಲ್ಲೇ ಕೊಟ್ಟುಬಿಡುತ್ತದೆ. ಹತ್ತಿರದ ಬಿಂದುಗಳು ಎಷ್ಟು ಹತ್ತಿರ ಎಂಬ ಒಳ್ಳೆಯ ಮಾಹಿತಿಯನ್ನೂ ಮಧ್ಯಾಂಕ ಎಸೆದುಬಿಡುವುದೇ ಇದಕ್ಕೆ ಕಾರಣ.

ಸ್ವಿಟ್ಜರ್ಲೆಂಡಿನ ಪೀಟರ್ ಹೂಬರ್ ಹಿಡಿದ ದಾರಿ ಇವೆರಡರ ನಡುವಿನದು. ಅವರ ಪ್ರಬಂಧ ಅಚ್ಚಾದದ್ದು 1964ರಲ್ಲಿ, ಬೆಲ್ಜಿಯಂ ನಿಮಿಷ ಎಣಿಸತೊಡಗಿದ ವರ್ಷವೇ. ಒಂದು ಎಲ್ಲೆ ಇಟ್ಟುಕೊಳ್ಳಿ ಎಂದರು ಅವರು. ಅದನ್ನು ಡೆಲ್ಟಾ ಎನ್ನುತ್ತಾರೆ. ಎಲ್ಲೆಯ ಒಳಗಿನ ಅಂತರಕ್ಕೆ ವರ್ಗದ ನಿಯಮ, ಹೊರಗಿನದಕ್ಕೆ ನೇರ ಅಂತರದ ನಿಯಮ. ಹಗ್ಗದ ಮಾತಲ್ಲಿ ಹೇಳಿದರೆ, ದೂರ ಹೋದಂತೆ ಎಳೆತ ಬೆಳೆಯುತ್ತದೆ, ಎಲ್ಲೆ ಮುಟ್ಟಿದ ಮೇಲೆ ಎಷ್ಟು ದೂರ ಹೋದರೂ ಅಷ್ಟೇ. ನಮ್ಮ ಐದು ಅಂಕಿಗಳಿಗೆ ಎಲ್ಲೆಯನ್ನು 1 ಕೋಟಿ ಎಂದಿಟ್ಟರೆ ಲೆಕ್ಕ ಬೆರಳಲ್ಲೇ ಆಗುತ್ತದೆ. 1964ರ ಎಳೆತ 10 ಇದ್ದದ್ದು 1ಕ್ಕೆ ನಿಲ್ಲುತ್ತದೆ. ಉಳಿದ ನಾಲ್ಕರ ಮೊತ್ತ 6.57, ಅದಕ್ಕೆ ಈ 1 ಸೇರಿಸಿ ನಾಲ್ಕರಿಂದ ಭಾಗಿಸಿದರೆ 1.89. ಕೆಟ್ಟ ಬಿಂದು ಉತ್ತರವನ್ನು ಸ್ವಲ್ಪ ಸರಿಸಿತು, ಹೊತ್ತೊಯ್ಯಲಿಲ್ಲ.

ಈಗ 24 ವರ್ಷಗಳ ಗೆರೆಗೆ ಬರೋಣ. ವರ್ಗದ ಲೆಕ್ಕದ ಗೆರೆ ವರ್ಷಕ್ಕೆ 50.4 ಲಕ್ಷ ಕರೆ ಹೆಚ್ಚಿದವು ಎನ್ನುತ್ತದೆ. ಮೊದಲ ಮತ್ತು ಕೊನೆಯ ವರ್ಷಗಳನ್ನಷ್ಟೇ ಹಿಡಿದು ನೋಡಿದರೆ ನಿಜವಾದ ಏರಿಕೆ ವರ್ಷಕ್ಕೆ 11 ಲಕ್ಷದ ಆಸುಪಾಸು. ಈ ಗೆರೆಯ ಪ್ರಕಾರ 1950ರಲ್ಲಿ ಕರೆಗಳ ಸಂಖ್ಯೆ ಸೊನ್ನೆಗಿಂತ 80 ಲಕ್ಷ ಕಡಿಮೆ! 1973ರಲ್ಲಿ 10.8 ಕೋಟಿ ಇರಬೇಕಿತ್ತಂತೆ, ಇದ್ದದ್ದು 2.9 ಕೋಟಿ. ಸರಿಯಾದ ವರ್ಷಕ್ಕೂ ಹೊಂದದ, ತಪ್ಪು ವರ್ಷಕ್ಕೂ ಹೊಂದದ ಗೆರೆ ಇದು.

ನಿರಪೇಕ್ಷ ಅಂತರದ ಗೆರೆಯನ್ನು ನಾನು ಕಾಗದದ ಮೇಲೇ ಹಾಕಿ ನೋಡಿದೆ, ಅಲ್ಲೊಂದು ವಿಚಿತ್ರ ಸಿಕ್ಕಿತು. ಉತ್ತರ ಒಂದೇ ಅಲ್ಲ. ವರ್ಷಕ್ಕೆ 11.6 ಲಕ್ಷದ ಏರಿಕೆಯಿಂದ ಹಿಡಿದು 16.2 ಲಕ್ಷದ ಏರಿಕೆಯವರೆಗೆ ಎಷ್ಟೋ ಗೆರೆಗಳು ಒಂದೇ ಮೊತ್ತ ಕೊಡುತ್ತವೆ, ಯಾವುದೂ ಇನ್ನೊಂದಕ್ಕಿಂತ ಮೇಲಲ್ಲ. ಆ ಗೆರೆಗಳ ಮೇಲ್ಗಡೆ 12 ಬಿಂದು, ಕೆಳಗಡೆ 12 ಬಿಂದು, ಎರಡೂ ಕಡೆಯ ಎಳೆತ ಸರಿಸಮ. ದೂರವನ್ನು ಲೆಕ್ಕಿಸದ ನಿಯಮಕ್ಕೆ ಅವುಗಳಲ್ಲಿ ಒಂದನ್ನು ಆರಿಸಲು ಆಧಾರವೇ ಇಲ್ಲ. ಕಂಪ್ಯೂಟರ್ ಪ್ರೋಗ್ರಾಂ ಅವುಗಳಲ್ಲಿ ಯಾವುದೋ ಒಂದನ್ನು ಕೊಟ್ಟು ಸುಮ್ಮನಾಗಬಹುದು, ಬಳಸುವವರಿಗೆ ಇದು ಗೊತ್ತಿರಬೇಕು. ಆದರೂ ಈ ಗೆರೆಗಳೆಲ್ಲ ನಿಜಕ್ಕೆ ಹತ್ತಿರದವೇ.

ಹೂಬರ್ ಗೆರೆ ನೋಡಲು ಆರ್ ಎಂಬ ಉಚಿತ ತಂತ್ರಾಂಶ ಸಾಕು, ಈ ಅಂಕಿಗಳು ಅದರ ಒಂದು ಪೊಟ್ಟಣದಲ್ಲೇ ಇವೆ:

```
library(MASS)
rlm(calls ~ year, data = phones, maxit = 50)
```

ಇದು ಕೊಡುವ ಏರಿಕೆ 2.04. ಅಂಕಿಗಳು ಹತ್ತು ಲಕ್ಷದ ಲೆಕ್ಕದಲ್ಲಿರುವುದರಿಂದ ವರ್ಷಕ್ಕೆ 20.4 ಲಕ್ಷ ಎಂದರ್ಥ. 50 ಲಕ್ಷಕ್ಕೆ ಹೋಲಿಸಿದರೆ ಎಷ್ಟೋ ವಾಸಿ, ಆದರೆ ನಿಜದ ಹತ್ತಿರತ್ತಿರ ಎರಡು ಪಟ್ಟು. ಹೂಬರ್ ಹೆಸರು ಕೇಳಿದೊಡನೆ ಔಟ್‌ಲೈಯರ್ ಕಾಟ ತಪ್ಪಿತು ಎಂದುಕೊಳ್ಳುವವರು ಇಲ್ಲಿ ಸ್ವಲ್ಪ ನಿಲ್ಲಬೇಕು.

ಎಲ್ಲೆ ಎಷ್ಟಿತ್ತು ಎಂಬುದರಲ್ಲಿ ಮೊದಲ ಕಾರಣವಿದೆ. ಪ್ರೋಗ್ರಾಂ ಮೊದಲು ಅಂತರಗಳ ಸಾಮಾನ್ಯ ಹರವನ್ನು ಅಂದಾಜಿಸಿ, ಅದನ್ನು 1.345ರಿಂದ ಗುಣಿಸಿ ಎಲ್ಲೆ ಮಾಡಿಕೊಳ್ಳುತ್ತದೆ. ಅಂಕಿಗಳು ಶುದ್ಧವಾಗಿದ್ದಾಗ ಸರಾಸರಿಯ ದಕ್ಷತೆಯ ಶೇ. 95ರಷ್ಟು ಉಳಿಯಲಿ ಎಂದು ಆರಿಸಿದ ಅಂಕಿ 1.345. ಇಲ್ಲಿ ಹರವು ಸುಮಾರು 90 ಲಕ್ಷ, ಎಲ್ಲೆ ಸುಮಾರು 1.2 ಕೋಟಿ. ಕೆಟ್ಟ ಬಿಂದುಗಳೇ ಗೆರೆಯನ್ನು ಓರೆ ಮಾಡಿ ಹರವನ್ನು ಹಿಗ್ಗಿಸಿದ್ದರಿಂದ ಎಲ್ಲೆಯೂ ಸಡಿಲವಾಯಿತು. ಇನ್ನೊಂದು ಕಾರಣ, ಕೆಟ್ಟ ಬಿಂದುಗಳು ಚದುರಿಲ್ಲ. ಆರೂ ಸಾಲಾಗಿ, ಪಟ್ಟಿಯ ಬಲಭಾಗದಲ್ಲಿ, ಗೆರೆಯ ಮೇಲ್ಗಡೆಯೇ ನಿಂತಿವೆ. ಒಬ್ಬೊಬ್ಬರ ಎಳೆತಕ್ಕೆ ಮಿತಿ ಇದ್ದರೂ ಆರು ಜನ ಒಂದೇ ಕಡೆಯಿಂದ ಎಳೆದರೆ ಗೆರೆ ಓರೆಯಾಗುತ್ತದೆ. ಹೂಬರ್ ನಿಯಮ ಎಳೆತವನ್ನು ಕಟ್ಟಿಹಾಕುತ್ತದೆಯೇ ಹೊರತು ಸೊನ್ನೆ ಮಾಡುವುದಿಲ್ಲ.

ಈ ಗೆರೆಯಿಂದ ಪ್ರತಿ ವರ್ಷದ ಅಂತರ ತೆಗೆದು ನೋಡಿದಾಗ ನನಗೆ ನಿಜಕ್ಕೂ ಕಳವಳವಾಯಿತು. ಕಲಬೆರಕೆಯ 1970 ಗೆರೆಯಿಂದ 27 ಲಕ್ಷದಷ್ಟೇ ದೂರದಲ್ಲಿ ಸಭ್ಯವಾಗಿ ಕೂತಿದೆ. ಸರಿಯಾಗಿ ಲೆಕ್ಕವಿಟ್ಟ 1971, 1972, 1973 ಒಂದೂಮುಕ್ಕಾಲು ಕೋಟಿಯಷ್ಟು ಕೆಳಗೆ ಬಿದ್ದು ಅಪರಾಧಿಗಳಂತೆ ಕಾಣುತ್ತವೆ. ಎಲ್ಲೆ ದಾಟಿದ್ದನ್ನೆಲ್ಲ ತಪ್ಪೆಂದು ಅಳಿಸುವ ಪದ್ಧತಿ ಇಟ್ಟುಕೊಂಡಿದ್ದರೆ ನಿಮಿಷಗಳ ಜೊತೆ ಈ ಮೂರು ಒಳ್ಳೆಯ ವರ್ಷಗಳೂ ಹೋಗಿ, 1970 ಉಳಿದುಕೊಳ್ಳುತ್ತಿತ್ತು.

ಹಾಗೆಂದು ದೂರದ ಬಿಂದು ಎಂದರೆ ತಪ್ಪು ಬಿಂದು ಎಂದೇ ಅಲ್ಲ. ಅಣೆಕಟ್ಟೆಯ ಒಳಹರಿವನ್ನು ಅಂದಾಜಿಸುವವರಿಗೆ ವರ್ಷದಲ್ಲಿ ಬರುವ ಒಂದೆರಡು ಮಹಾಪ್ರವಾಹದ ದಿನಗಳೇ ಮುಖ್ಯ. ಅಲ್ಲಿ ನಿರಪೇಕ್ಷ ಅಂತರದ ಲೆಕ್ಕ ಹಿಡಿದರೆ ಸಾಧಾರಣ ದಿನಗಳ ಅಂದಾಜು ಚೆನ್ನಾಗಿ ಬಂದು, ಗೇಟು ತೆರೆಯಬೇಕಾದ ದಿನ ಕೈಕೊಡಬಹುದು. ದೊಡ್ಡ ತಪ್ಪು ನಿಜವಾಗಿಯೂ ದುಬಾರಿ ಎಂದಾದರೆ ವರ್ಗದ ಲೆಕ್ಕವೇ ನ್ಯಾಯ. ಅಂಕಿ ಬರೆಯುವಲ್ಲಿ, ಮಾಪಕದಲ್ಲಿ ಎಡವಟ್ಟಾಗುವ ಸಂಭವವಿದ್ದು ಎಲ್ಲಿ ಎಂದು ಗೊತ್ತಿಲ್ಲದಾಗ ಹೂಬರ್ ಒಳ್ಳೆಯ ಜೊತೆಗಾರ. ಕೆಟ್ಟವು ಹಲವಿದ್ದು, ಗುಂಪಾಗಿವೆ ಎಂಬ ಅನುಮಾನ ಬಂದರೆ ಅದಕ್ಕೂ ಕಟ್ಟುನಿಟ್ಟಿನ ನಿಯಮ ಬೇಕು.

ಅಂಥದ್ದೊಂದು ನಿಯಮದಲ್ಲಿ ದೂರ ಹೆಚ್ಚಿದಂತೆ ಎಳೆತ ಮೊದಲು ಬೆಳೆದು, ಆಮೇಲೆ ತಗ್ಗುತ್ತಾ ಸೊನ್ನೆಗೆ ಬರುತ್ತದೆ. ಬೈಸ್ಕ್ವೇರ್ ಎಂದು ಅದರ ಹೆಸರು. ಮೇಲಿನ ಆದೇಶಕ್ಕೆ `psi = psi.bisquare` ಎಂದು ಸೇರಿಸಿದರೆ ಏರಿಕೆ ವರ್ಷಕ್ಕೆ 11 ಲಕ್ಷಕ್ಕೆ ಬರುತ್ತದೆ. 1973ಕ್ಕೆ ಅದು ಹೇಳುವ ಅಂಕಿ 2.79 ಕೋಟಿ, ನಿಜವಾದದ್ದು 2.9. ಅದರ ಎದುರು ನಿಮಿಷಗಳ ಆರು ವರ್ಷ ಸಾಲಾಗಿ ಮೇಲೆ ಎದ್ದು ನಿಲ್ಲುತ್ತವೆ, 1970 ಕೂಡ ಸುಮಾರು 1.84 ಕೋಟಿಯಷ್ಟು ಮೇಲಕ್ಕೆ ಹೋಗಿ ಅವುಗಳ ಸಾಲಿಗೇ ಸೇರುತ್ತದೆ.