‘ಬಂತು’ ಎಂದರೆ ಕನ್ನಡಕ್ಕೆ ಸಾಕು, ಇಂಗ್ಲಿಷಿಗೆ ಸಾಲದು

ರಾಜಾನುಕುಂಟೆಯಲ್ಲಿ ಯಲಹಂಕದ ಬಸ್ಸಿಗೆ ಕಾಯುವವರಲ್ಲಿ ಒಬ್ಬರು ‘ಬಂತಾ?’ ಎಂದು ಕೇಳಿದರೆ ಇನ್ನೊಬ್ಬರು ‘ಬಂತು’ ಎನ್ನುತ್ತಾರೆ. ಬಸ್ಸಿನ ಹೆಸರನ್ನು ಯಾರೂ ಎತ್ತುವುದಿಲ್ಲ. ಇದನ್ನೇ ಇಂಗ್ಲಿಷಿನಲ್ಲಿ ‘ಹ್ಯಾಸ್ ಕಮ್’ ಎಂದರೆ ವಾಕ್ಯ ತಲೆಯಿಲ್ಲದ ಮುಂಡದಂತಾಗುತ್ತದೆ. ಮುಂದೆ ಒಂದು ‘ಇಟ್’ ಬೇಕೇ ಬೇಕು.

ಕನ್ನಡದ ಕ್ರಿಯಾಪದ ತನ್ನ ಬಾಲದಲ್ಲೇ ಕರ್ತೃವಿನ ಗುರುತನ್ನು ಹೊತ್ತಿರುತ್ತದೆ ಎಂಬುದು ಇದಕ್ಕೆ ಸಾಮಾನ್ಯವಾಗಿ ಕೊಡುವ ಕಾರಣ. ‘ಬಂದಳು’ ಎಂದರೆ ಹೆಣ್ಣು, ‘ಬಂತು’ ಎಂದರೆ ಬಸ್ಸೋ ದನವೋ. ಇಂಗ್ಲಿಷಿನ ‘ಕೇಮ್’ ಎಲ್ಲರಿಗೂ ಒಂದೇ. ಸಾವಿರ ವರ್ಷಗಳ ಹಿಂದಿನ ಇಂಗ್ಲಿಷಿನಲ್ಲಿ ಇಂಥ ಪ್ರತ್ಯಯಗಳು ಹೆಚ್ಚಾಗಿದ್ದವು, ಕ್ರಮೇಣ ಸವೆದುಹೋದವು.

ಆದರೆ ಕಾರಣ ಅಷ್ಟೇ ಅಲ್ಲ. ಮಲಯಾಳದ ಕ್ರಿಯಾಪದಕ್ಕೂ ಇಂದು ಅಂಥ ಬಾಲವಿಲ್ಲ. ಆದರೂ ಮಲಯಾಳಿಗಳು ಕರ್ತೃವನ್ನು ಧಾರಾಳವಾಗಿ ಬಿಡುತ್ತಾರೆ. ನಮ್ಮ ‘ಬರಲಿಲ್ಲ’ ಕೂಡ ನಾನು, ನೀನು, ಅವಳು ಎಲ್ಲರಿಗೂ ಒಂದೇ.

ಇಂಗ್ಲಿಷಿನಲ್ಲಿ ಕರ್ತೃವನ್ನು ತೋರಿಸುವುದು ಮುಖ್ಯವಾಗಿ ಸ್ಥಾನ. ಕ್ರಿಯಾಪದದ ಹಿಂದಿನ ಆ ಜಾಗ ಖಾಲಿ ಇರುವಂತಿಲ್ಲ. ಪ್ರಶ್ನೆ ಕೇಳುವುದಕ್ಕೂ ಆ ಪದ ಬೇಕು: ‘ಇಟ್ ಈಸ್’ ಎಂಬುದನ್ನು ತಿರುಗಿಸಿದರೆ ತಾನೇ ‘ಈಸ್ ಇಟ್’ ಆಗುವುದು? ಕನ್ನಡದಲ್ಲಿ ಕೊನೆಗೆ ಒಂದು ‘ಆ’ ಹಚ್ಚಿದರೆ ಮುಗಿಯಿತು. ಮಳೆಯ ಸುದ್ದಿಯಲ್ಲಿ ಈ ಹಠ ಚೆನ್ನಾಗಿ ಕಾಣುತ್ತದೆ. ‘ಇಟ್ ಈಸ್ ರೈನಿಂಗ್’ ಎಂಬಲ್ಲಿ ‘ಇಟ್’ ಯಾವುದು? ಯಾವುದೂ ಅಲ್ಲ. ಸೀಟು ಹಿಡಿಯಲು ಹಾಕಿದ ಕರವಸ್ತ್ರವಷ್ಟೇ! ಷೇಕ್ಸ್‌ಪಿಯರನ ಕಾಲದಲ್ಲೂ ಬಳಕೆಯಲ್ಲಿದ್ದ ‘ಮೀಥಿಂಕ್ಸ್’ ಎಂಬ ಪದದಲ್ಲಿ ಮಾತ್ರ ಕರ್ತೃವಿಲ್ಲದ ಹಳೆಯ ರೂಢಿ ಉಳಿದಿತ್ತು. ಅದು ನೇರವಾಗಿ ನಮ್ಮ ‘ನನಗನಿಸುತ್ತದೆ’.

ಎಡವುವುದು ಎಲ್ಲಿ ಎಂಬುದು ರಜಾ ಚೀಟಿಯಲ್ಲಿ ತಿಳಿಯುತ್ತದೆ. ಮಗಳ ಶಾಲೆಗೆ ತಾಯಿ ಹೀಗೆ ಬರೆಯುತ್ತಾಳೆ ಎನ್ನೋಣ: ‘ನಿನ್ನೆ ಜ್ವರ ಬಂದಿತ್ತು. ಅದಕ್ಕೆ ಬರಲಿಲ್ಲ.’ ಯಾರಿಗೆ ಜ್ವರ ಎಂದು ಮೇಷ್ಟ್ರು ಕೇಳುವುದಿಲ್ಲ. ಅದನ್ನೇ ‘ಹ್ಯಾಡ್ ಫೀವರ್. ಸೋ ಡಿಡ್ ನಾಟ್ ಕಮ್’ ಎಂದು ಬರೆದರೆ ಎರಡೂ ವಾಕ್ಯಗಳು ಕುಂಟುತ್ತವೆ. ಅವಸರದಲ್ಲಿ ‘ಐ’ ಸೇರಿಸಿದರೆ ಜ್ವರ ತಾಯಿಗೆ ಅಂಟುತ್ತದೆ! ಮೊದಲ ಕನ್ನಡ ವಾಕ್ಯದ ಕರ್ತೃ ಜ್ವರ, ಎರಡನೆಯದರದು ಮಗಳು. ಇಂಗ್ಲಿಷಿನಲ್ಲಿ ಎರಡು ಕಡೆಯೂ ಮಗಳೇ ಮುಂದೆ ಬರಬೇಕು: ‘ಶಿ ಹ್ಯಾಡ್ ಫೀವರ್. ಸೋ ಶಿ ಡಿಡ್ ನಾಟ್ ಕಮ್.’ ಬರೆದ ಮೇಲೆ ಪ್ರತಿ ಕ್ರಿಯಾಪದಕ್ಕೂ ‘ಯಾರು?’ ಎಂದು ಕೇಳಿ, ಉತ್ತರ ಅದರ ಹಿಂದೆಯೇ ಇದೆಯೇ ಎಂದು ನೋಡಿದರೆ ತಪ್ಪು ಸಿಕ್ಕಿಬೀಳುತ್ತದೆ.

ವಿನಾಯಿತಿಗಳೂ ಇವೆ. ‘ಕಮ್’ ಎಂಬ ಅಪ್ಪಣೆಗೆ ‘ಯು’ ಬೇಕಿಲ್ಲ. ಕೇಳುವವನು ಎದುರಿಗೇ ಇರುತ್ತಾನೆ. ಡೈರಿಯಲ್ಲಿ ಇಂಗ್ಲಿಷರೂ ‘ಐ’ ಬಿಡುತ್ತಾರೆ. ಶಾಲೆಗೆ ಕೊಡುವ ಚೀಟಿ ಮಾತ್ರ ಡೈರಿಯಲ್ಲ.